ಚೀಟಿ ಕಿತ್ತ ಸೀರೆ

ಇಳಕಲ್ಲಿನ ಬಸ್‌ಸ್ಟ್ಯಾಂಡಿನಿಂದ ಪೇಟೆಯ ಕಡೆ ಹೊರಳುವ ರಸ್ತೆಯಲ್ಲಿ ಸುರೇಖಾಳ ಸೀರೆ ಅಂಗಡಿಯಿದೆ. ಕಟ್ಟಿದ್ದು ಮಾವ, ಬೋರ್ಡಿನ ಮೇಲಿರುವುದು ಗಂಡ ಮಹಾಂತೇಶನ ಹೆಸರು, ಮುಂಜಾನೆ ಬಾಗಿಲು ತೆಗೆದು ಸಂಜೆ ಮುಚ್ಚುವತನಕ ಗಂಟಲು ಹರಕೊಳ್ಳುವವಳು ಮಾತ್ರ ಇವಳು. ಬಂದವರ ಮುಖ ನೋಡಿಯೇ ಇವರು ಮಗಳ ಮದುವೆಗೆ ಬಂದವರೋ, ಬಸ್ಸು ತಡವಾಯಿತೆಂದು ಹೊತ್ತು ಕಳೆಯಲು ಬಂದವರೋ ಎಂದು ಹೇಳುತ್ತಿದ್ದಳು. ಅಂಥ ಹೆಂಗಸು ಕಡೆಗೆ ಮೋಸಹೋದದ್ದು ಮನುಷ್ಯರಿಂದಲ್ಲ. ಅದೇ ಅವಳಿಗೆ ಇವತ್ತಿಗೂ ಸಹಿಸಲಾಗದ ಸಂಗತಿ.

ಅಂಗಡಿಯಲ್ಲಿ ಎರಡು ಬಗೆಯ ಸೀರೆ. ಪವರ್‌ಲೂಮಿನವು ಪ್ಲಾಸ್ಟಿಕ್ ಕವರಿನಲ್ಲಿ ಬರುತ್ತವೆ, ಕವರಿನ ಮೇಲೆಯೇ ಚೀಟಿ. ಕೈಮಗ್ಗದವು ಬಹುಪಾಲು ಗುಡೂರಿನ ರಂಜಾನಬಿ ನೇಯ್ದವು. ಮನೆಯೊಳಗೆ ನೆಲ ತೋಡಿ ಹಾಕಿದ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು, ಮೈಯ ಹತ್ತಿಯ ಎಳೆಗೆ ಸೆರಗಿನ ರೇಷ್ಮೆ ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕಿ ಸೇರಿಸಿ, ಕೆಂಪು ಸೆರಗಿನಲ್ಲಿ ಬಿಳಿಯ ತೆನೆ ಎಬ್ಬಿಸುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಅವಳಿಗಿದ್ದದ್ದು ಒಬ್ಬ ಮಗಳು ಶಹರಬಾನು ಮತ್ತು ಆ ಮಗ್ಗ. ಬಸ್ಸಿನಲ್ಲಿ ಬಂದು, ಗಂಟು ಬಿಚ್ಚಿ, ಸುರೇಖಾ ಸೆರಗಿನ ಮೇಲೆ ಕೈಯಾಡಿಸಿ ಏನಾದರೂ ಅನ್ನುವತನಕ ಚಹಾ ಸಹ ಮುಟ್ಟುತ್ತಿರಲಿಲ್ಲ.

ಕೈಮಗ್ಗದ್ದನ್ನು ಮಂದಿ ಒಯ್ಯುತ್ತಿದ್ದದ್ದೇ ಉಡಿಗೆ, ಮದುವೆಗೆ; ಆ ಸೀರೆಗಳಿಗೊಂದು ರೀತಿಯಿತ್ತು. ಸುರೇಖಾಳ ಅತ್ತೆ ಬೋರವ್ವ ಇದ್ದ ಕಾಲದಿಂದ ಬಂದದ್ದು. ಉಡಿ ತುಂಬಿಸಿಕೊಳ್ಳುವ ಸೀರೆ, ಮದುಮಗಳು ಉಡುವ ಸೀರೆ ಅಂಗಡಿಯಿಂದ ಹೊರಗೆ ಹೋಗುವಾಗ ಅದರ ಮೈಮೇಲೆ ರೇಟಿನ ಚೀಟಿ ಇರಕೂಡದು. ಗಿರಾಕಿ ಹೂಂ ಅಂದ ಕೂಡಲೇ ಗಾದಿಯ ಮೇಲೆಯೇ ಚೀಟಿ ಕಿತ್ತು, ಮಡಿಕೆ ಸರಿಮಾಡಿ, ಒಂದು ಮೂಲೆಗೆ ಅರಿಶಿನ ಕುಂಕುಮ ಹಚ್ಚಿ, ಎರಡೂ ಕೈಯಲ್ಲಿ ಕೊಡಬೇಕು. ಬಿಲ್ಲು ಆಮೇಲೆ. ಬಾರ್‌ಕೋಡಿನ ಮಷೀನು ಬಂದು, ಅದಕ್ಕೆ ಚೀಟಿ ತೋರಿಸಿ ಬಿಲ್ಲು ಮಾಡುವುದು ಕೆಲಸದ ಶೀಲಾಳ ಪಾಲಾದ ಮೇಲೂ ಸುರೇಖಾ ಈ ರೀತಿ ಬಿಡಲಿಲ್ಲ. ಬಿಡಬೇಕಾಗಿಯೂ ಇರಲಿಲ್ಲ, ಅದರಲ್ಲಿ ತಪ್ಪೇನಿದೆ?

ಹೋದ ವರ್ಷ ಮಹಾಂತೇಶನಿಗೆ ಲಕ್ವಾ ಹೊಡೆಯಿತು. ಬಾಗಲಕೋಟೆಯ ದವಾಖಾನಿಯ ಹತ್ತಿರ ಒಂದು ಖೋಲಿ ಹಿಡಿದು ಸುರೇಖಾ ಅಲ್ಲಿಯೇ ಉಳಿದಳು. ಗಂಡನ ಬಾಯಿಗೆ ಗಂಜಿ ಹಾಕುವುದು, ಕೈಕಾಲು ತಿಕ್ಕುವುದು, ಅವನು ತೊದಲಿದ್ದನ್ನು ಡಾಕ್ಟರಿಗೆ ತಿಳಿಸಿ ಹೇಳುವುದು, ಇದರಲ್ಲೇ ತಿಂಗಳುಗಳು ಹೋದವು. ಅಂಗಡಿಯನ್ನು ನೋಡಿಕೊಂಡವಳು ಶೀಲಾ. ಅಂಗಡಿಯ ಸುದ್ದಿಗೆ ಸುರೇಖಾಳ ಕೈಯಲ್ಲಿದ್ದದ್ದು ಫೋನು ಒಂದೇ. ಬಿಲ್ಲಿನ ಮಷೀನು ದಿನಾ ಮುಂಜಾನೆ ತನ್ನಷ್ಟಕ್ಕೆ ತಾನೇ ಒಂದು ವರದಿ ಕಳಿಸುತ್ತಿತ್ತು. ಒಟ್ಟು ವ್ಯಾಪಾರ ಇಷ್ಟು, ಯಾವ ಮಾಲು ಎಷ್ಟು ಹೋಯಿತು, ಯಾವುದು ಹೋಗದೆ ಉಳಿಯಿತು, ಕೆಳಗೆ ಕಂಪ್ಯೂಟರೇ ಬರೆದ ಎರಡು ಸಾಲು ಸಲಹೆ.

ಮೊದಮೊದಲು ಅವಳಿಗೂ ಅನುಮಾನವಿತ್ತು. ಅಂಗಡಿಯ ತೆರಿಗೆ ಕೆಲಸ ಮಾಡುವ ಮಯೂರಿಗೆ ಫೋನು ಹಚ್ಚಿ, ಇದನ್ನು ನಂಬಬಹುದೇ ಎಂದು ಕೇಳಿದಳು. ಸಂಜೆ ಗಲ್ಲೆಯಲ್ಲಿ ಎಣಿಸಿದ ದುಡ್ಡೂ ವರದಿಯ ಮೊತ್ತವೂ ಕೂಡುತ್ತವೆಯೇ ಎಂದು ಮಯೂರಿ ಕೇಳಿದಳು. ಶೀಲಾಳನ್ನು ವಿಚಾರಿಸಿದರೆ, ಒಂದು ರೂಪಾಯಿ ಹೆಚ್ಚುಕಡಿಮೆ ಇಲ್ಲ ಅಂದಳು. ಹಾಗಾದರೆ ನಂಬಿರಿ ಎಂದು ಮಯೂರಿ ಹೇಳಿದಳು. ಇಬ್ಬರಿಗೂ ಅಲ್ಲಿಗೆ ಸಮಾಧಾನವಾಯಿತು.

ಆಮೇಲೆ ಸಲಹೆಯ ಸಾಲು ಒಂದೇ ರಾಗ ಹಿಡಿಯಿತು: ಕೈಮಗ್ಗದ ಸೀರೆಗೆ ಬೇಡಿಕೆ ತೀರಾ ಕಡಿಮೆ, ಸಂಗ್ರಹ ಹೆಚ್ಚಾಗುತ್ತಿದೆ, ಹೊಸದಾಗಿ ತರಿಸುವುದು ಬೇಡ. ದಿನಾ ಬೆಳಗಾದರೆ ಇದೇ ಮಾತು. ಸುರೇಖಾ ಕೆಲವು ವಾರ ಕಣ್ಣು ಮುಚ್ಚಿಕೊಂಡಳು. ಮಂದಿ ಬದಲಾಗಿದ್ದಾರೆ ಅಂದುಕೊಂಡಳು, ಅಗ್ಗದ್ದನ್ನೇ ಬೇಡುತ್ತಾರೆ ಅಂದುಕೊಂಡಳು. ಒಂದು ದಿನ ದವಾಖಾನಿಯ ಮೆಟ್ಟಿಲ ಮೇಲೆ ಕೂತು ಗುಡೂರಿಗೆ ಫೋನು ಮಾಡಿದಳು.

"ಖಾಲಾ, ನಿಮ್ಮ ಸೀರಿ ಹೋಗವಲ್ವು. ಸದ್ಯಕ್ಕ ನೇಯೂದು ಬಿಡ್ರಿ."

ಆ ಕಡೆಯಿಂದ ರಂಜಾನಬಿ, "ಆತು ಬೇಟಿ. ಮಹಾಂತೇಶ ಹ್ಯಾಂಗದಾನ?" ಎಂದಳು. ಯಾಕೆ ಎಂದು ಕೇಳಲಿಲ್ಲ. ಇನ್ನು ಮುಂದೆ ಗುಡೂರಿನ ಮಾಲು ತೆಗೆದುಕೊಳ್ಳಬೇಡ ಎಂದು ಶೀಲಾಳಿಗೂ ಹೇಳಿದ್ದಾಯಿತು. ಅವಳೂ ಯಾಕೆ ಎಂದು ಕೇಳಲಿಲ್ಲ.

ಸುರೇಖಾ ಗಂಡನನ್ನು ಕರೆದುಕೊಂಡು ತಿರುಗಿ ಬಂದದ್ದು ಮಳೆಗಾಲ ಕಳೆದ ಮೇಲೆ. ಅವನು ಗೋಡೆ ಹಿಡಿದು ನಡೆಯುವಂತಾಗಿದ್ದ. ಅಂಗಡಿಗೆ ಬಂದು ಕೂತ ಮೊದಲ ದಿನವೇ ಹುನಗುಂದದ ಕಡೆಯ ಒಂದು ಮದುವೆ ಮನೆಯವರು ಬಂದರು. ಕೈಮಗ್ಗದ್ದು ತೆಗೆಯಿರಿ, ಹೋದ ಸಲ ನಮ್ಮ ನೆಗೆಣ್ಣಿ ಒಯ್ದಿದ್ದಳಲ್ಲ, ಅಂಥದ್ದೇ ಬೇಕು ಅಂದರು. ಸುರೇಖಾಳಿಗೆ ಖುಷಿಯಾಯಿತು. ಮುಂಜಾನೆಯ ವರದಿಯ ಪ್ರಕಾರ ಕಪಾಟಿನ ತುಂಬ ಅದೇ ಇರಬೇಕು. ಎದ್ದು ಹೋಗಿ ಕಪಾಟು ತೆಗೆದಳು. ಒಳಗೆ ಹಾಸಿದ ಹಳೆಯ ಪೇಪರು ಬಿಟ್ಟರೆ ಏನೂ ಇರಲಿಲ್ಲ.

ಗಿರಾಕಿಗಳು ಎದ್ದು ಹೋದ ಮೇಲೆ ಶೀಲಾಳನ್ನು ಕರೆದು, ಸೀರೆ ಎಲ್ಲಿ ಹೋದವು ಎಂದು ಕೇಳಿದಳು. ದನಿ ಏರಿತ್ತು. ಶೀಲಾ ಗಾಬರಿಯಾಗಿ ಮುಖ ನೋಡಿದಳು.

"ಮಾರ್ಯಾವಲ್ರಿ ಅಕ್ಕಾರ. ಭಾಳ ದಿನದ ಹಿಂದನ ಖಾಲಿ ಆದ್ವು."

ಮತ್ತೇಕೆ ಹೇಳಲಿಲ್ಲ ಎಂದರೆ ಅವಳದೂ ಖರೆ ಮಾತೇ. ತರಿಸುವುದು ಬೇಡ ಎಂದವರು ನೀವು, ದವಾಖಾನಿಯ ಖರ್ಚಿನಲ್ಲಿ ಕೈ ಬಿಗಿಯಾಗಿರಬೇಕು ಅಂದುಕೊಂಡೆ, ಅಂಥ ಹೊತ್ತಿನಲ್ಲಿ ಹೋಗಿ ಏನಂತ ಕೇಳಲಿ ಅಂದಳು. ಮಾರಿದ್ದನ್ನು ಬಿಲ್ಲಿಗೆ ಹೇಗೆ ಹಾಕಿದೆ ಎಂದು ಕೇಳಿದಾಗ ಶೀಲಾ ಗಲ್ಲೆಗೆ ಅಂಟಿಸಿದ ಒಂದು ಚೀಟಿ ತೋರಿಸಿದಳು. ಕುಂಕುಮ ಹಚ್ಚಿದ ಸೀರೆ ಗಲ್ಲೆಗೆ ಬರುವ ಹೊತ್ತಿಗೆ ಅದರ ಚೀಟಿ ಹರಿದು ಬುಟ್ಟಿಗೆ ಹೋಗಿರುತ್ತದೆ. ಮಷೀನಿಗೆ ಮಾತ್ರ ಏನಾದರೊಂದು ತೋರಿಸಲೇಬೇಕು. ಅದಕ್ಕೆ ಪವರ್‌ಲೂಮ್ ಸೀರೆಯ ಒಂದು ಚೀಟಿಯನ್ನು ಗಲ್ಲೆಗೇ ಅಂಟಿಸಿಟ್ಟು, ಅದನ್ನೇ ತೋರಿಸಿ, ಖರೆ ರೇಟನ್ನು ಕೈಯಿಂದ ಒತ್ತುತ್ತಿದ್ದಳು.

ಸುರೇಖಾ ಅವಳನ್ನು ಬೈಯಲಿಲ್ಲ. ಚೀಟಿ ಕೀಳುವುದನ್ನು ಕಲಿಸಿದವಳು ತಾನೇ ಅಲ್ಲವೇ? ಮಯೂರಿಗೆ ಹೇಳಿ ಕಳಿಸಿದಳು.

ಮಯೂರಿ ಬಂದು ಕೂತಳೋ ಇಲ್ಲವೋ, ಸುರೇಖಾ ಕೇಳಿಯೇಬಿಟ್ಟಳು: "ಮುಂಜಾನಿ ಬರೂ ಈ ವರದಿ ನಂಬಬೇಕೋ ಬ್ಯಾಡೋ? ಒಂದ ಮಾತಿನ್ಯಾಗ ಹೇಳು."

"ಒಂದ ಮಾತಿನ್ಯಾಗ ಹೇಳಿದ್ದಕ್ಕ ಇಷ್ಟ ಆತ್ರಿ ಅಕ್ಕಾರ," ಎಂದಳು ಮಯೂರಿ. ಅವಳ ಮುಖವೂ ಸಣ್ಣಗಾಗಿತ್ತು.

ಹಳೆಯ ಬಿಲ್ಲುಗಳನ್ನು ಒಂದೊಂದಾಗಿ ತೆಗೆದು ತೋರಿಸಿದಳು. ಪವರ್‌ಲೂಮ್ ಸೀರೆ ಎಂಬ ಹೆಸರಿನ ಮುಂದೆ ಕೈಮಗ್ಗದ ರೇಟು. ಹಾಗಾದರೆ ಮಷೀನು ಸುಳ್ಳು ಹೇಳಿತೇ ಎಂದು ಸುರೇಖಾ ಕೇಳಿದಳು. ಇಲ್ಲ, ಅದಕ್ಕೆ ಸೀರೆ ಕಾಣುವುದಿಲ್ಲ, ಚೀಟಿ ಕಾಣುತ್ತದೆ, ತೋರಿಸಿದ್ದನ್ನು ಅದು ಸರಿಯಾಗಿಯೇ ಕೂಡಿಸಿದೆ ಎಂದಳು ಮಯೂರಿ. ಮತ್ತೆ ಗಲ್ಲೆ ದಿನಾ ಹೇಗೆ ಕೂಡುತ್ತಿತ್ತು ಎಂದಳು ಸುರೇಖಾ. ರೇಟು ಖರೆ ಇತ್ತು, ಅದಕ್ಕೆ ಮೊತ್ತ ಖರೆ ಬಂತು. ಯಾವ ಸೀರೆ ಎಷ್ಟು ಹೋಯಿತು ಎಂಬುದು ಬೇರೆ ಪ್ರಶ್ನೆ, ಅದಕ್ಕೆ ಗಲ್ಲೆ ಸಾಕ್ಷಿ ಹೇಳುವುದಿಲ್ಲ. ಕಪಾಟಿನಲ್ಲಿ ಒಂದು ಜಾತಿಯ ಮಾಲನ್ನು ಕೈಯಿಂದ ಎಣಿಸಿ ವರದಿಯ ಜೊತೆ ಇಟ್ಟು ನೋಡಬೇಕಿತ್ತು. ಮತ್ತೆ ಆ ಸಲಹೆ? ತರಿಸಬೇಡ ಅಂತ ಅಷ್ಟು ಗಟ್ಟಿಯಾಗಿ ಹೇಳಿತಲ್ಲ? ಅದೇ ಅಂಕಿಗಳನ್ನು ಮಾತಾಗಿ ಬರೆದದ್ದು ಅಷ್ಟೇ, ಅಂಕಿ ತಪ್ಪಿದರೆ ಮಾತು ಎಷ್ಟು ಚಂದ ಇದ್ದರೂ ತಪ್ಪೇ ಎಂದಳು ಮಯೂರಿ.

"ಒಂದ ಸುಳಿವೂ ಇರಲಿಲ್ಲೇನು?"

ಮಯೂರಿ ಪರದೆಯನ್ನು ಕೆಳಗೆ ಸರಿಸುತ್ತ ಹೋದಳು. ಮುಂಜಾನೆಯ ಸಂದೇಶದಲ್ಲಿ ಬರದ ಒಂದು ಪಟ್ಟಿಯಲ್ಲಿ ಪವರ್‌ಲೂಮ್ ಸೀರೆಯ ದಾಸ್ತಾನು ಸೊನ್ನೆಗಿಂತ ಕೆಳಗೆ, ಮೈನಸ್ ಎಂದು ನಿಂತಿತ್ತು. ದಾಸ್ತಾನು ಮುಗಿದರೂ ಬಿಲ್ಲು ನಿಲ್ಲಬಾರದೆಂದು ಮಷೀನು ಹಾಕಿಸುವಾಗಲೇ ಹಾಗೆ ಇಟ್ಟಿದ್ದರು.

"ತಂದಿದ್ದಕ್ಕಿಂತ ಹೆಚ್ಚ ಮಾರೀರಿ ಅಂತ ಅರ್ಥ ರಿ. ಇಲ್ಲದ ಸೀರಿ ಯಾರ ಮಾರ್ತಾರ? ಇದನ್ನ ನಾ ಅವತ್ತ ನೋಡಬೇಕಿತ್ತು."

ಸುರೇಖಾ ಆ ಗೆರೆಯನ್ನೇ ನೋಡುತ್ತ ಕೂತಳು. ಅತ್ತೆ ಇದ್ದಿದ್ದರೆ ಏನನ್ನುತ್ತಿದ್ದಳು ಎಂಬುದು ಮನಸ್ಸಿಗೆ ಬಂತು. ಮರುದಿನ ಶೀಲಾಳಿಗೆ, ಚೀಟಿ ಕಿತ್ತರೆ ಎಸೆಯಬೇಡ, ಗಲ್ಲೆಯ ಬಳಿಯ ತಾಟಿನಲ್ಲಿಡು, ಅದನ್ನೇ ಮಷೀನಿಗೆ ತೋರಿಸು ಎಂದು ಹೇಳಿದಳು. ನೋಡಿದಿರಾ, ಇಷ್ಟೇ ಇಷ್ಟು ಕೆಲಸ. ಆಮೇಲೆ ಗುಡೂರಿನ ಬಸ್ಸು ಹತ್ತಿದಳು.

ದಾರಿಯುದ್ದಕ್ಕೂ ಅವಳಿಗೆ ಒಂದು ಆಸೆಯಿತ್ತು. ಕೆಲವು ತಿಂಗಳಷ್ಟೇ, ಮಗ್ಗ ಎಲ್ಲಿ ಹೋಗುತ್ತದೆ, ಕಾಲು ಹಿಡಿದಾದರೂ ಖಾಲಾನನ್ನು ಮತ್ತೆ ಮಗ್ಗಕ್ಕೆ ಕೂಡಿಸುತ್ತೇನೆ ಎಂಬ ಆಸೆ. ರಂಜಾನಬಿಯ ಮನೆಯ ಬಾಗಿಲು ತೆರೆದೇ ಇತ್ತು. ಒಳಗೆ ಕಾಲಿಟ್ಟವಳಿಗೆ ಮೊದಲು ಕಂಡದ್ದು ಬಯಲಾದ ನೆಲ. ಮಗ್ಗವಿದ್ದ ಜಾಗದಲ್ಲಿ ಹೊಸ ಮಣ್ಣಿನ ಮೇಲೆ ಸಾರಿಸಿದ್ದರು. ಅದರ ಮೇಲೆ ಕೌದಿ ಹಾಸಿ ಶಹರಬಾನು ತನ್ನ ಕೂಸನ್ನು ಮಲಗಿಸಿದ್ದಳು.

ರಂಜಾನಬಿ ಖಾನಾವಳಿಯಲ್ಲಿ ರೊಟ್ಟಿ ಬಡಿದು ಅದೇ ಆಗ ಬಂದಿದ್ದಳು. ಕೈಗೆ ಹಿಟ್ಟು ಹತ್ತಿತ್ತು. ಸುರೇಖಾಳನ್ನು ನೋಡಿ ಬಾಯಿ ತುಂಬ ನಕ್ಕಳು, ಮಹಾಂತೇಶನನ್ನು ವಿಚಾರಿಸಿದಳು, ಚಹಾಕ್ಕೆ ನೀರಿಟ್ಟಳು. ಮಗ್ಗದ ಮಾತು ಸುರೇಖಾಳೇ ತೆಗೆಯಬೇಕಾಯಿತು. ಮಳೆಗೆ ಕುಣಿಯೊಳಗೆ ನೀರು ನಿಲ್ಲುತ್ತಿತ್ತು, ಮಗಳು ಬಾಣಂತನಕ್ಕೆ ಬಂದಳು, ನಾಳೆ ಕೂಸು ಅಂಬೆಗಾಲಿಟ್ಟು ಒಳಗೆ ಬಿದ್ದರೆ ಅಂತ ಮುಚ್ಚಿಸಿದೆ, ಮಗ್ಗದ ಕಟ್ಟಿಗೆ ಬಾಣಂತಿಯ ನೀರು ಕಾಸಲು ಆಯಿತು ಎಂದು ರಂಜಾನಬಿ ಸರಳವಾಗಿ ಹೇಳಿದಳು.

ಸುರೇಖಾ ಎಲ್ಲವನ್ನೂ ಹೇಳಿದಳು. ಚೀಟಿ, ಕುಂಕುಮ, ಗಲ್ಲೆಗೆ ಅಂಟಿಸಿದ ಆ ಒಂದು ಬಾರ್‌ಕೋಡು, ಮುಂಜಾನೆಯ ವರದಿ. ರಂಜಾನಬಿಗೆ ಎಷ್ಟು ತಿಳಿಯಿತೋ ಏನೋ. ಅವಳು ಒಂದೇ ಕೇಳಿದಳು.

"ಅಂದ್ರ ನನ್ನ ಸೀರಿ ಹೋಗಿದ್ವು?"

"ಎಲ್ಲಾ ಹೋಗ್ಯಾವ ಖಾಲಾ. ಒಂದೂ ಉಳಿದಿಲ್ಲ."

ಒಂದು ಕ್ಷಣ ಮುದುಕಿಯ ಮುಖ ಅರಳಿತು. ಆಮೇಲೆ ತನ್ನ ಎರಡೂ ಅಂಗೈಗಳನ್ನು ತಿರುವಿ ನೋಡಿಕೊಂಡಳು.

"ಕಣ್ಣು ಮಂಜಾಗ್ಯಾವ, ಕೊಂಡಿ ತಪ್ಪಾಕ ಹತ್ಯಾವೇನೋ, ನೀ ಹೇಳಾಕ ನಾಚಿ ಸುಮ್ಮನಿದ್ದಿ ಅಂದ್ಕೊಂಡಿದ್ನಿ. ನನ್ನ ಕೈ ಕೆಟ್ಟತು ಅಂತ ತಿಳದ ಮ್ಯಾಲ ಮಗ್ಗ ಇಟಗೊಂಡ ಏನ ಮಾಡ್ಲಿ?"

ಹೊಸ ಮಗ್ಗ ಹಾಕಿಸಿಕೊಡುತ್ತೇನೆ ಎಂದಳು ಸುರೇಖಾ. ರಂಜಾನಬಿ ತಲೆಯಾಡಿಸಿದಳು. ಈ ಮೊಣಕಾಲು ಇನ್ನು ಕುಣಿಗೆ ಇಳಿಯುವುದಿಲ್ಲ, ಕೂತಿದ್ದವಳು ಕೂತೇ ಇರಬೇಕಿತ್ತು, ಎದ್ದುಬಿಟ್ಟೆ ಅಂದಳು. ಸುರೇಖಾಳಿಗೆ ತಡೆಯಲಾಗಲಿಲ್ಲ. ಅಳುತ್ತಲೇ, ಯಾಕ ಒಂದು ಮಾತು ಕೇಳಲಿಲ್ಲ ಖಾಲಾ, ಎಲ್ಲಿ ಉಳಿದಾವು ತೋರಿಸು ಅಂತ ಬಂದು ಜಗಳ ತೆಗೆದಿದ್ದರೆ ಆಗುತ್ತಿತ್ತಲ್ಲ ಎಂದಳು.

ರಂಜಾನಬಿಗೆ ಸಿಟ್ಟು ಬರಲಿಲ್ಲ. ಅವಳಿಗೆ ಆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು.

"ನೀ ಹೇಳಿದಿ ಬೇಟಿ. ನಿನ್ನ ಮಾತಿಗೆ ನಾ ಎಂದರ ಲೆಕ್ಕ ಕೇಳೀನೇನು?"

ಒಲೆಯ ಮೇಲೆ ಚಹಾ ಉಕ್ಕಿತು. ರಂಜಾನಬಿ ಎದ್ದು ಇಳಿಸಲು ಹೋದಳು. ಕೂಸು ಎಚ್ಚರವಾಗಿ ಅಳತೊಡಗಿದ್ದರಿಂದ ಸುರೇಖಾ ಬಗ್ಗಿ ಅದನ್ನು ಎತ್ತಿಕೊಂಡಳು. ಅವಳ ಕಾಲ ಕೆಳಗೆ ಕುಣಿಯ ಮಣ್ಣು ಇನ್ನೂ ಪೂರ್ತಿ ಗಟ್ಟಿಯಾಗಿರಲಿಲ್ಲ.