ಉಪಗ್ರಹಕ್ಕೆ ತಂಪಾಗಿ ಕಂಡ ಬೀದಿ

ಅಮೆರಿಕದ ಜರ್ಸಿ ಸಿಟಿಯಲ್ಲಿ ಮರ ನೆಡುವ ಸಣ್ಣದೊಂದು ಸಂಸ್ಥೆಗೆ ನಾನು ನಕ್ಷೆ ಮಾಡಿಕೊಡುತ್ತಿದ್ದೆ. ನೆಲದಿಂದ ಹೊಮ್ಮುವ ಶಾಖವನ್ನು ಉಪಗ್ರಹದ ಥರ್ಮಲ್ ಬ್ಯಾಂಡ್ ದಾಖಲಿಸುತ್ತದೆ. ಅದರಿಂದ ಯಾವ ಬೀದಿಯ ಮೇಲ್ಮೈ ಎಷ್ಟು ಕಾದಿದೆ ಎಂದು ಲೆಕ್ಕ ಹಾಕಿ, ಡಾಂಬರು-ಕಾಂಕ್ರೀಟಿನ ಕೇರಿಗಳನ್ನು ಮರಗಳಿರುವ ಬಡಾವಣೆಗಳೊಂದಿಗೆ ಹೋಲಿಸುವುದು ನನ್ನ ಕೆಲಸ. ಹೆಚ್ಚು ಕಾದ ಬೀದಿಗಳಿಗೆ ಸಸಿಗಳು ಮೊದಲು ಹೋಗುತ್ತಿದ್ದವು. ಬಿಸಿಲು ಏರಿದಾಗ ಒಂಟಿ ವೃದ್ಧರ ಬಾಗಿಲು ತಟ್ಟುವ ಸ್ವಯಂಸೇವಕರೂ ಅದೇ ಬೀದಿಗಳ ಪಟ್ಟಿ ಹಿಡಿದು ಹೊರಡುತ್ತಿದ್ದರು.

ನಮ್ಮ ಹಿಂದಿನ ಬೀದಿಯ ಕಟ್ಟಡವೊಂದರ ಮೇಲಿನ ಮಹಡಿಯಲ್ಲಿ ಧಾರವಾಡದ ಕಡೆಯ ಆಂಟಿಯೊಬ್ಬರಿದ್ದರು. ನರ್ಸ್ ಆಗಿ ನಿವೃತ್ತರಾದವರು, ಒಬ್ಬರೇ. ಶನಿವಾರ ನನಗೆ ಅವರಲ್ಲೇ ರೊಟ್ಟಿ ಊಟ. ಜೂನ್‌ನ ಒಂದು ಶನಿವಾರ ಅವರಿಗೆ ನಕ್ಷೆ ತೋರಿಸಿದೆ: ತಂಪಿಗೆ ನೀಲಿ, ಬಿಸಿಗೆ ಕೆಂಪು. ಉಪನಗರವಾದ ಈಸ್ಟ್ ಬ್ರನ್ಸ್‌ವಿಕ್‌ನ ಮರಗಳ ಸಾಲು ನೀಲಿ, ನಮ್ಮೂರು ಬಹುಪಾಲು ಕೆಂಪು. ಆಂಟಿ ಕನ್ನಡಕ ಏರಿಸಿ ತಮ್ಮ ಬೀದಿ ಹುಡುಕಿದರು. ಅದು ನೀಲಿಯಾಗಿತ್ತು.

"ನಮ್ಮ ಓಣ್ಯಾಗ ಒಂದ್ ಗಿಡಾನೂ ಇಲ್ಲವ್ವಾ. ಇದು ತಂಪು ಹೆಂಗ ಆತು?"

ಇದು ಬೆಳಗಿನ ಹೊತ್ತಿನ ಮೇಲ್ಮೈ ತಾಪ, ಮನೆಯೊಳಗಿನ ಗಾಳಿಯದ್ದಲ್ಲ ಎಂದು ವಿವರಿಸಿದೆ. ಹೇಳಿದ್ದೆಲ್ಲ ನಿಜ, ಆದರೆ ಅವರು ಕೇಳಿದ್ದು ಅದನ್ನಲ್ಲ. ಅವರು ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು.

ಜುಲೈನಲ್ಲಿ ಸೆಕೆಯ ಅಲೆ ಬಂತು. ಅವರ ಎಸಿ ಕೆಟ್ಟಿತ್ತು, ಯಾರಿಗೂ ಹೇಳಿರಲಿಲ್ಲ. ಪಟ್ಟಿಯಲ್ಲಿ ಇಲ್ಲದ ಬೀದಿಗೆ ಸ್ವಯಂಸೇವಕರು ಹೋಗಲಿಲ್ಲ. ಆ ವಾರಾಂತ್ಯ ನಾನು ದೂರದ ಪ್ಲೇನ್ಸ್‌ಬರೋದ ಗೆಳತಿಯ ಮನೆಯಲ್ಲಿದ್ದೆ. ಸೋಮವಾರ ಕಟ್ಟಡ ನೋಡಿಕೊಳ್ಳುವಾತ ಬಾಗಿಲು ತೆರೆದಾಗ ಆಂಟಿ ತೀರಿಹೋಗಿದ್ದರು. ಸೆಕೆಗೆ ಹೃದಯ ನಿಂತಿದೆ ಎಂದು ವೈದ್ಯರು ಹೇಳಿದರಂತೆ.

ಆ ವಾರ ಮತ್ತೆ ನಕ್ಷೆ ತೆರೆದೆ. ಆಂಟಿಯ ಕಟ್ಟಡಕ್ಕೆ ಅಂಟಿಕೊಂಡು ದೊಡ್ಡ ಗೋದಾಮು, ಅದಕ್ಕೆ ಹೊಳೆಯುವ ಲೋಹದ ಚಾವಣಿ. ಅಂಥ ಲೋಹ ಸುಡುತ್ತಿದ್ದರೂ ಶಾಖವನ್ನು ಕಡಿಮೆ ಹೊಮ್ಮಿಸುತ್ತದೆ, ಮೇಲಿನ ತಣ್ಣನೆಯ ಆಕಾಶವನ್ನು ಪ್ರತಿಫಲಿಸುತ್ತದೆ. ಉಪಗ್ರಹಕ್ಕೆ ತಂಪಾಗಿ ಕಾಣುತ್ತದೆ. ನಾನು ಹಸಿರು ಎಷ್ಟಿದೆ ಎಂಬುದನ್ನಷ್ಟೇ ನೋಡಿ, ಹಸಿರಿಲ್ಲದ್ದೆಲ್ಲ ಕಾಂಕ್ರೀಟಿನಷ್ಟೇ ಶಾಖ ಹೊಮ್ಮಿಸುತ್ತದೆಂದು ಲೆಕ್ಕ ಹಿಡಿದಿದ್ದೆ. ಥರ್ಮಲ್ ಚಿತ್ರದ ಒಂದೊಂದು ಚೌಕವೂ ನೂರು ಮೀಟರ್ ಅಗಲ. ಗೋದಾಮಿನ ಚೌಕದಲ್ಲಿ ಆಂಟಿಯ ಬೀದಿ ಕರಗಿಹೋಗಿತ್ತು. ಇದೆಲ್ಲ ನಾನು ಓದಿ ಪರೀಕ್ಷೆಯಲ್ಲಿ ಬರೆದಿದ್ದ ಸಂಗತಿಯೇ.

ತಪ್ಪು ನನ್ನದೆಂದು ಸಂಸ್ಥೆಯ ಮುಖ್ಯಸ್ಥರಿಗೆ ಬರೆದೆ. ಬೀದಿ ಪಟ್ಟಿಯಲ್ಲಿದ್ದಿದ್ದರೆ ಆಂಟಿ ಬದುಕುತ್ತಿದ್ದರೆಂದು ಯಾರೂ ಹೇಳಲಾರರು ಎಂದು ಅವರು ಸಮಾಧಾನ ಮಾಡಿದರು. ಅಂಥ ಚಾವಣಿಗಳ ಸುತ್ತಲಿನ ಚೌಕಗಳನ್ನು ನಕ್ಷೆಯಿಂದ ತೆಗೆದು, ಆ ಬೀದಿಗಳಲ್ಲಿ ನಡೆದು, ನೆಲಕ್ಕೆ ತಾಗಿಸುವ ಥರ್ಮಾಮೀಟರಿನಿಂದ ಅಳೆದೆ. ಆಂಟಿಯ ಬೀದಿ ಉಳಿದ ಕೆಂಪು ಬೀದಿಗಳಷ್ಟೇ ಕಾದಿತ್ತು.

ಮನೆ ಖಾಲಿ ಮಾಡಲು ಟೆಕ್ಸಸ್‌ನಿಂದ ಆಂಟಿಯ ಮಗಳು ಬಂದಳು. ಅವಳಿಗೂ ಎಲ್ಲ ಹೇಳಿದೆ. ಅವಳು ಕೈಲಿದ್ದ ಪೆಟ್ಟಿಗೆಯನ್ನು ಕೆಳಗಿಟ್ಟಳು.

"ಅಮ್ಮ ಫೋನ್‌ನಾಗ ಹೇಳಿದ್ಲು," ಎಂದಳು. "ಆ ಮ್ಯಾಪ್ ತಪ್ಪೈತಿ, ಆದ್ರ ಹುಡುಗಿ ಭಾಳ ಕಷ್ಟಪಟ್ಟಾಳ, ನಾ ಏನೂ ಅನ್ಲಿಲ್ಲ ಅಂತ."

ಇಬ್ಬರೂ ಸೇರಿ ಪೆಟ್ಟಿಗೆಗಳನ್ನು ಒಂದೊಂದಾಗಿ ಕೆಳಗಿಳಿಸಿದೆವು.