ಕೆನೆಯಲ್ಲಿ ಮೂಡಿದ ನೀಲಿ

ಪಶುವೈದ್ಯಕೀಯ ಓದಿದವಳು ನಾಯಿ-ಬೆಕ್ಕಿನ ದವಾಖಾನೆ ತೆರೆಯುತ್ತಾಳೆ ಎಂದು ನಮ್ಮ ಮನೆಯವರು ತಿಳಿದಿದ್ದರು. ಸೊಲ್ಲಾಪುರ ರಸ್ತೆಯಲ್ಲಿ ಅಂಗಡಿಯನ್ನೂ ನೋಡಿಟ್ಟಿದ್ದರು. ನಾನು ವಿಜಯಪುರದ ಜಾನುವಾರು ರೋಗಪತ್ತೆ ಪ್ರಯೋಗಾಲಯಕ್ಕೆ ಸೇರಿಕೊಂಡೆ. ರೋಗವನ್ನು ಮೊದಲೇ ಕಂಡುಹಿಡಿದರೆ ಊರಿಗೆ ಊರೇ ಉಳಿಯುತ್ತದೆ ಎಂದು ಆಗ ನಂಬಿದ್ದೆ.

ಆ ವರ್ಷ ಟಿಕೋಟಾ ಕಡೆಯ ಒಂದು ಹಳ್ಳಿಯ ಡೈರಿಯಿಂದ ಹಾಲಿನ ಮಾದರಿ ಬಂತು. ಬಣ್ಣ ಬೆರೆಸಿದ ಪರೀಕ್ಷಾ ದ್ರಾವಣದ ಹನಿಯನ್ನು ಹಾಲಿಗೆ ಹಾಕಿ ಬೆಚ್ಚಗೆ ಇಟ್ಟೆ. ಒಂದು ತಾಸಿನ ಮೇಲೆ ತೆಗೆದಾಗ ಕೆಳಗಿನ ಹಾಲು ಬೆಳ್ಳಗಿತ್ತು, ಮೇಲಿನ ಕೆನೆಯಲ್ಲಿ ನೀಲಿ ಉಂಗುರ ಮೂಡಿತ್ತು. ಡೈರಿಗೆ ಹಾಲು ಹಾಕುವ ಯಾವುದೋ ಹಸುವಿಗೆ ಬ್ರುಸೆಲ್ಲಾ ರೋಗವಿರಬೇಕು ಎಂಬುದರ ಗುರುತು ಅದು. ಈ ರೋಗ ಬಂದರೆ ಗಬ್ಬದ ಹಸು ದಿನ ತುಂಬುವ ಮೊದಲೇ ಕಂದು ಹಾಕುತ್ತದೆ, ಮನುಷ್ಯರಿಗೂ ಅಂಟುತ್ತದೆ.

ಮನೆಮನೆಗೆ ಹೋಗಿ ಹಸುಗಳ ರಕ್ತ ತೆಗೆದೆವು. ಊರಂಚಿನ ಒಂದು ಮನೆಯಲ್ಲಿ ಹಸುಗಳನ್ನೆಲ್ಲ ನೋಡಿಕೊಳ್ಳುತ್ತಿದ್ದುದು ಮನೆಯ ಹೆಂಗಸು. ಕೊಟ್ಟಿಗೆ ಕನ್ನಡಿಯಂತಿತ್ತು. ನಾನು ಸೂಜಿ ಚುಚ್ಚುವಾಗ ಆಕೆ ಹಸುವಿನ ಕೊರಳ ಕೆಳಗಿನ ಗಂಗೆದೊಗಲು ಸವರುತ್ತ ನಿಂತಿದ್ದಳು.

‘ಯಾವುದಾದರೂ ಕಂದು ಹಾಕಿತ್ತೇನ್ರಿ ಅಕ್ಕಾರ?’ ಎಂದೆ.

‘ಈ ಕರಿದು ಹಾಕೇತ್ರಿ. ಏಳು ತಿಂಗಳ ತುಂಬಿತ್ತು. ಮಾಸು ಬೀಳಲಿಲ್ಲ, ನಮ್ಮ ಮನಿಯವರ ಕೈ ಹಾಕಿ ತಗದ್ರು.’

‘ಬರಿಗೈಲೇನ್ರಿ?’

‘ಮತ್ತ ಹೆಂಗ ತಗೀತಾರ್ರಿ?’

ಗಂಡ ಹೊರಸಿನ ಮೇಲೆ ಗೋಡೆಗೆ ಒರಗಿ ಕುಳಿತಿದ್ದ. ಸಂಜೆಯಾದರೆ ಜ್ವರ, ಬೆಳಗಾದರೆ ಬೆವರು, ಸೊಂಟ ಎತ್ತಲಾಗದ ನೋವು. ತಿಂಗಳುಗಟ್ಟಲೆ ಟೈಫಾಯ್ಡ್ ಎಂದು ಗುಳಿಗೆ ನುಂಗಿದ್ದ. ಬರಿಗೈಯಲ್ಲಿ ಗರ್ಭದ ಮಾಸು ತೆಗೆದವನು ಇವನೇ. ಹಸುವಿನ ರೋಗದ ಹೆಸರು ಹೇಳಿ, ಅದರ ರಕ್ತಪರೀಕ್ಷೆಯನ್ನೇ ಮಾಡಿಸಬೇಕೆಂದು ಚೀಟಿ ಬರೆದುಕೊಟ್ಟು ವಿಜಯಪುರದ ದೊಡ್ಡ ದವಾಖಾನೆಗೆ ಕಳಿಸಿದೆ. ಅವನಿಗೂ ಅದೇ ರೋಗ. ವಾರಗಟ್ಟಲೆ ಔಷಧ ಕೊಟ್ಟರು, ಜ್ವರ ಬಿಟ್ಟಿತು. ಬೆನ್ನುಮೂಳೆ ಮಾತ್ರ ಮೊದಲಿನಂತಾಗಲಿಲ್ಲ.

ಆ ಮನೆಯ ಹಾಲು ಕರೆಯುವ ಎಲ್ಲ ಹಸುಗಳ ರಕ್ತದಲ್ಲೂ ರೋಗ ಸಿಕ್ಕಿತು. ಹೇಳಲು ನಾನೇ ಹೋದೆ.

‘ಸೂಜಿ ಮಾಡ್ರಿ, ಆರಾಮ ಆಗ್ತಾವ’ ಎಂದಳು.

‘ಮನುಷ್ಯಾರಿಗೆ ಔಷಧ ಐತ್ರಿ. ದನಕ್ಕ ಗುಣ ಆಗೂ ಔಷಧ ಇಲ್ಲ. ಬ್ಯಾರೆ ಕಟ್ಟಬೇಕು. ಮಾರಬಾರದು. ಹಾಲು ಕುದಿಸದ ಕುಡೀಬಾರದು.’

‘ಎಷ್ಟ ದಿನ ಕಟ್ಟೂದ್ರಿ?’

‘ಅವು ಇರೋತನ.’

ಆಕೆ ಮೇವಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ಸುದ್ದಿ ಹಬ್ಬಿ, ಮರುದಿನದಿಂದಲೇ ಡೈರಿಯ ಕಾರ್ಯದರ್ಶಿ ಆಕೆಯ ಕ್ಯಾನು ತೆಗೆದುಕೊಳ್ಳಲಿಲ್ಲ. ನಾನು ಓಡಿಹೋದೆ. ‘ಹಾಲು ದೊಡ್ಡ ಡೈರಿಗೆ ಹೋಗಿ ಕಾಯತೈತ್ರಿ. ಕಾಯಿಸಿದ ಮ್ಯಾಲ ರೋಗ ಉಳಿಯಂಗಿಲ್ಲ’ ಎಂದೆ.

‘ನಮಗೂ ಗೊತ್ತೈತ್ರಿ ಮೇಡಂ’ ಎಂದ ಆತ, ತಗ್ಗಿದ ದನಿಯಲ್ಲಿ. ‘ಆದ್ರ ಆಕೀ ಹಾಲು ತಗೊಂಡ್ರ ಉಳಿದವ್ರು ಹಾಕೂದ ಬಿಡ್ತಾರ.’

ನೆರೆಯವರು ಆಕೆಯನ್ನು ಬಾವಿಯ ಹತ್ತಿರವೂ ಬರಗೊಡಲಿಲ್ಲ. ರೋಗ ಹಾಗೆ ಹಬ್ಬುವುದಿಲ್ಲ ಎಂದು ಗುಡಿಯ ಕಟ್ಟೆಯ ಮೇಲೆ ನಿಂತು ಹೇಳಿದೆ. ತಲೆಯಾಡಿಸಿದರು, ಮನೆಗೆ ಹೋದರು. ರೋಗದ ಹಸು ಇಟ್ಟುಕೊಂಡವರಿಗೆ ಏನಾದರೂ ನೆರವು ಸಿಗಬಹುದೇ ಎಂದು ಮೇಲಿನವರನ್ನು ಕೇಳಿದೆ. ನೋಡೋಣ ಎಂದರು. ನೋಡುವಷ್ಟರಲ್ಲಿ ಆಗುವುದೆಲ್ಲ ಆಗಿಹೋಯಿತು.

ಮತ್ತೆ ಹೋದಾಗ ಕೊಟ್ಟಿಗೆಯಲ್ಲಿ ಒಂದು ಹೆಣ್ಣುಗರು ಮಾತ್ರ ಇತ್ತು.

‘ಹಸುಗಳು ಎಲ್ಲಿ?’

‘ಬಬಲೇಶ್ವರ ಕಡಿ ದಲ್ಲಾಳಿ ಬಂದಿದ್ದ. ಹೊಡಕೊಂಡು ಹೋದ.’

‘ರೋಗ ಐತಿ ಅಂತ ಅವಗ ಹೇಳಿದ್ರಿಲ್ಲ?’

ಆಕೆ ನನ್ನನ್ನೇ ನೋಡಿದಳು. ‘ಹೇಳಿದ್ರ ಯಾರ ಒಯ್ತಾರ್ರಿ? ಹಾಲ ತಗೊಳ್ಳಾವ್ರಿಲ್ಲ, ಮೇವ ಕೊಡಾವ್ರಿಲ್ಲ. ಉಪಾಸ ಕೆಡವಿ ಸಾಯಸಬೇಕಿತ್ತೇನ್ರಿ?’

ಆಕೆಯಿಂದ ನಂಬರು ಪಡೆದು ದಲ್ಲಾಳಿಗೆ ಫೋನು ಮಾಡಿದೆ. ಹತ್ತಲಿಲ್ಲ. ಸಂತೆಯಿಂದ ಸಂತೆಗೆ ಕೈಬದಲಾದ ಹಸುಗಳು ಯಾವ ಊರಿನಲ್ಲಿ ಕಟ್ಟಿಸಿಕೊಂಡಿವೆಯೋ, ಯಾರ ಕೈ ಮಾಸು ತೆಗೆಯಲು ಒಳಗೆ ಹೋಗುತ್ತದೆಯೋ. ನಾನು ಪರೀಕ್ಷೆ ಮಾಡಿದ್ದರಿಂದ ರೋಗ ನಿಲ್ಲಲಿಲ್ಲ, ಊರು ಬದಲಾಯಿಸಿತು.

ಕರುವಿಗೆ ಲಸಿಕೆಯ ವಯಸ್ಸಾಗಿತ್ತು. ಆ ಲಸಿಕೆಯೂ ತಪ್ಪಿ ನಮ್ಮ ಕೈಗೆ ಚುಚ್ಚಿದರೆ ಕಾಯಿಲೆ ತರುವಂಥದ್ದು, ಗವಸು ಹಾಕಿಕೊಂಡು ಜೋಪಾನವಾಗಿ ಕೊಟ್ಟೆ.

‘ಇದಕ್ಕರ ರೋಗ ಬರಂಗಿಲ್ಲೇನ್ರಿ?’

‘ತಾಯಿ ಹೊಟ್ಟ್ಯಾಗಿದ್ದಾಗ ಬಂದಿದ್ರ ಈಗ ಗೊತ್ತಾಗಂಗಿಲ್ಲ ಅಕ್ಕಾರ. ಖಾತ್ರಿ ಹೇಳಾಕ ಬರಂಗಿಲ್ಲ.’

ಆಕೆ ಕರುವಿಗೆ ನೀರು ತರಲು ಕೊಡ ಎತ್ತಿಕೊಂಡು ಊರಿನ ಬಾವಿಯ ದಾರಿ ಬಿಟ್ಟು, ದೂರದ ಹೊಲದ ಕಡೆಗೆ ನಡೆದಳು.