ಕಂಕುಳಲ್ಲಿ ಬಚ್ಚಿಟ್ಟ ನೋವು

ಮೆಲ್ಬರ್ನ್ ಹೊರವಲಯದ ಕ್ರಾನ್‌ಬರ್ನ್‌ನ ಬಾಡಿಗೆ ಮನೆಯ ಹಿತ್ತಲಲ್ಲಿ ಬಟ್ಟೆ ಒಣಹಾಕಲು ಬಿಚ್ಚಿದ ಕೊಡೆಯಂಥ ಒಂದು ಕಂಬವಿತ್ತು. ಹಿಡಿಕೆ ತಿರುಗಿಸಿದರೆ ಅದರ ತಂತಿಗಳು ಕೆಳಗಿಳಿಯುತ್ತಿದ್ದವು. ವಿಜೇತಾ ಅವನ್ನು ಎದೆಯ ಮಟ್ಟಕ್ಕೆ ಇಳಿಸಿಕೊಂಡೇ ಬಟ್ಟೆ ಹಾಕುತ್ತಿದ್ದಳು. ಕೈ ಎತ್ತಿದರೆ ಎಡ ಕಂಕುಳ ಚರ್ಮ ಹಗ್ಗದಂತೆ ಬಿಗಿಯುತ್ತಿತ್ತು. ಒಮ್ಮೊಮ್ಮೆ ಒಳಗೇನೋ ಒಡೆದು ರವಿಕೆ ಒದ್ದೆಯಾಗುತ್ತಿತ್ತು.

ಮೊದಲ ಗಂಟು ಎದ್ದದ್ದು ಹದಿನೇಳನೇ ವಯಸ್ಸಿನಲ್ಲಿ, ಹುಟ್ಟೂರು ಕಾಪುವಿನಲ್ಲಿ. ಗೋಲಿಯಷ್ಟು ದಪ್ಪ, ಬಟ್ಟೆ ತಾಗಿದರೂ ಜೀವ ಹೋಗುವಂಥ ನೋವು. ಅಮ್ಮ ಉಷ್ಣ ಎಂದು ಎಳನೀರು ಕುಡಿಸಿದರು, ಸುಣ್ಣ ಬೆಲ್ಲ ಕಲಸಿ ಹಚ್ಚಿದರು. ಹತ್ತು ದಿನಕ್ಕೆ ಒಡೆದು ಕೀವು ಹೋಯಿತು. ಎರಡು ತಿಂಗಳಿಗೆ ಅದೇ ಜಾಗದ ಪಕ್ಕದಲ್ಲಿ ಇನ್ನೊಂದು ಬಂತು, ಆಮೇಲೆ ಬಲ ಕಂಕುಳಲ್ಲಿ, ಆಮೇಲೆ ತೊಡೆಸಂದಿನಲ್ಲಿ. ತೊಡೆಸಂದಿನದನ್ನು ಅವಳು ಅಮ್ಮನಿಗೂ ಹೇಳಲಿಲ್ಲ.

ಮದುವೆಯಾಗಿ ಎರಡು ವರ್ಷಕ್ಕೆ, ಎರಡು ಸಾವಿರದಲ್ಲಿ, ಗಂಡ ರೋಶನ್ ಜೊತೆ ಮೆಲ್ಬರ್ನ್‌ಗೆ ಬಂದಳು. ರೋಶನ್‌ಗೆ ಮನೆ ಕಟ್ಟುವ ಕಂಪನಿಯಲ್ಲಿ ಸೈಟ್ ನೋಡಿಕೊಳ್ಳುವ ಕೆಲಸ. ಅವಳಿಗೆ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ಕೆಲಸ ಸಿಕ್ಕಿತು. ಮುದುಕರನ್ನು ಹಾಸಿಗೆಯಿಂದ ಎಬ್ಬಿಸುವಾಗ, ಸ್ನಾನ ಮಾಡಿಸುವಾಗ ಅವಳು ಮೊಣಕೈಯನ್ನು ಮೈಯಿಂದ ತುಸು ದೂರ ಹಿಡಿದುಕೊಂಡಿರುತ್ತಿದ್ದಳು. ಕಂಕುಳಿಗೆ ಮಡಿಸಿದ ಹತ್ತಿ, ಮೇಲೆ ಕಪ್ಪು ಬಟ್ಟೆ. ವಾಸನೆ ಬರುತ್ತಿದೆಯೋ ಏನೋ ಎಂಬ ಭಯಕ್ಕೆ ದಿನಕ್ಕೆ ಎರಡು ಸಲ ಸ್ನಾನ. ಉಜ್ಜಿ ಉಜ್ಜಿ ತೊಳೆಯುತ್ತಿದ್ದಳು. ಉಜ್ಜಿದಷ್ಟೂ ಅದು ಕೆರಳುತ್ತಿತ್ತು.

ತಡೆಯಲಾಗದಷ್ಟು ಬಾತಾಗ ಡಾಕ್ಟರ ಬಳಿ ಹೋಗುತ್ತಿದ್ದಳು, ಆದರೆ ಮನೆಯ ಹತ್ತಿರದ ಕ್ಲಿನಿಕ್‌ಗಲ್ಲ. ಅಲ್ಲಿ ನರ್ಸ್ ಆಗಿದ್ದ ಸುಜಾತಾ ಮೈಸೂರಿನವರು, ಕನ್ನಡ ಸಂಘದ ಯುಗಾದಿಗೆ ಹೋಳಿಗೆ ಬಡಿಸುವವರು. ಅವರಿಗೆ ಗೊತ್ತಾದರೆ ಊರಿಗೆಲ್ಲ ಗೊತ್ತಾದಂತೆ ಎಂದು ಅವಳ ಎಣಿಕೆ. ಹಾಗಾಗಿ ಒಂದು ಸಲ ಡ್ಯಾಂಡಿನಾಂಗ್, ಒಂದು ಸಲ ಬೆರಿಕ್, ಇನ್ನೊಂದು ಸಲ ಫ್ರಾಂಕ್‌ಸ್ಟನ್. ಹೋದಲ್ಲೆಲ್ಲ ಹೊಸ ಡಾಕ್ಟರು ನೋಡುತ್ತಿದ್ದುದು ಒಂದೇ ಒಂದು ಕುರುವನ್ನು. ಕೊಯ್ದು ಕೀವು ತೆಗೆದು, ಐದು ದಿನದ ಮಾತ್ರೆ ಬರೆದು ಕಳಿಸುತ್ತಿದ್ದರು. ಒಂದು ವಾರ ಹಗುರವೆನಿಸುತ್ತಿತ್ತು. ಹಳೆಯದನ್ನು ಯಾರೂ ಕೇಳಲಿಲ್ಲ, ಇವಳೂ ಹೇಳಲಿಲ್ಲ.

ರೋಶನ್‌ಗೆ ಗೊತ್ತಿದ್ದುದು ಇಷ್ಟೇ: ಹೆಂಡತಿಗೆ ಆಗಾಗ ಕುರು ಆಗುತ್ತದೆ. ಎಲ್ಲಿ, ಎಷ್ಟು ಎಂಬುದನ್ನು ಅವಳು ತೋರಿಸಿದವಳಲ್ಲ. ಅವನು ಹತ್ತಿರ ಬಂದಾಗ ಮೊದಮೊದಲು ದೀಪ ಆರಿಸುತ್ತಿದ್ದಳು. ತೊಡೆಸಂದಿನ ಗಂಟುಗಳು ಹೆಚ್ಚಾದ ಮೇಲೆ, ದಣಿವಾಗಿದೆ ಎನ್ನುತ್ತಿದ್ದಳು. ಮಾತು ಕಡಿಮೆಯ ಮನುಷ್ಯ ಅವನು, ಕೇಳಿ ಕಾಡಿಸಲಿಲ್ಲ. ಎರಡು ಸಾವಿರದ ಮೂರರಲ್ಲಿ ಕಂಪನಿ ಅವನನ್ನು ಸಿಡ್ನಿಗೆ ಕರೆಯಿತು. ಅಲ್ಲಿಯ ಕೆಲ್ಲಿವಿಲ್ ಬಡಾವಣೆಯಲ್ಲಿ ಸಾಲುಸಾಲು ಹೊಸ ಮನೆಗಳು ಏಳುತ್ತಿದ್ದ ಕಾಲ.

"ನೀನು ಬರ್ತೀಯಾ?" ಎಂದು ಕೇಳಿದ.

"ಇಲ್ಲಿ ನನ್ನ ಕೆಲಸ ಉಂಟಲ್ಲ. ನೀವು ಹೋಗಿ, ನೋಡುವ" ಎಂದಳು.

ಅವನು ಅವಳ ಮುಖ ನೋಡಿ, ತಲೆಯಾಡಿಸಿದ. ಹೊರಟ ದಿನ ಅವನ ಕಾರು ತಿರುವು ದಾಟಿದ ಕೂಡಲೇ ಅವಳಿಗೆ ಇನ್ನು ಬಚ್ಚಿಡಬೇಕಾಗಿಲ್ಲ ಎನಿಸಿ ಮೈ ಹಗುರಾಯಿತು. ಮರುಗಳಿಗೆಯಲ್ಲಿ ಯಾರಿಂದ ಬಚ್ಚಿಡಬೇಕಿತ್ತೋ ಅವನೂ ಇಲ್ಲವೆಂದು ತಿಳಿದು ಬಾಗಿಲ ಬಳಿಯೇ ಕೂತಳು.

ಮೂರು ವರ್ಷ ಹೀಗೇ ಹೋಯಿತು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅವನ ಫೋನ್. ಏನು ಅಡುಗೆ, ಅಲ್ಲಿ ಚಳಿ ಹೇಗೆ, ಇಲ್ಲಿ ಮಳೆ ಹೇಗೆ. ಫೋನಿಟ್ಟ ಮೇಲೆ ಅವಳು ಅವನು ಬಿಟ್ಟುಹೋದ ಬೂದು ಸ್ವೆಟರನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದಳು. ಅವನ ತೋಳಿನ ಮೇಲೆ ತಲೆಯಿಟ್ಟು ಮಲಗಬೇಕು, ಅಷ್ಟೇ. ಬೇರೇನೂ ಬೇಡ. ಕೇಂದ್ರದಲ್ಲಿ ಯಾವುದಾದರೂ ಅಜ್ಜಿ ಅವಳ ಕೆನ್ನೆ ಸವರಿದರೆ ಆ ಸ್ಪರ್ಶ ಸಂಜೆಯವರೆಗೂ ಅಲ್ಲೇ ಉಳಿಯುತ್ತಿತ್ತು.

ಎರಡು ಸಾವಿರದ ಆರರ ಈಸ್ಟರ್ ರಜೆಯಲ್ಲಿ ಎಡ ಕಂಕುಳು ನಿಂಬೆಹಣ್ಣಿನಷ್ಟು ಬಾತು, ಜ್ವರವೂ ಬಂತು. ಕೈ ಕೆಳಗಿಳಿಸಲಾಗದೆ ಕಾರು ಓಡಿಸುವುದು ಹೇಗೆ? ಫೋನ್ ಮಾಡಿದ ಕ್ಲಿನಿಕ್‌ಗಳೆಲ್ಲ ಮುಚ್ಚಿದ್ದವು. ತೆರೆದಿದ್ದುದು ಎರಡು ಬೀದಿ ಆಚೆಯದು ಮಾತ್ರ, ಸುಜಾತಾ ಇರುವ ಕ್ಲಿನಿಕ್. ನಡೆದೇ ಹೋದಳು.

ಡಾಕ್ಟರು ಬರುವ ಮೊದಲು ಬಾವನ್ನು ಒರೆಸಿ ಸಿದ್ಧಮಾಡಲು ಬಂದ ಸುಜಾತಾ, ಅವಳ ಕೈಯನ್ನು ಮೆಲ್ಲಗೆ ಸರಿಸಿ ನೋಡಿದರು. ಹಗ್ಗದಂತೆ ಎದ್ದ ಹಳೆಯ ಕಲೆಗಳು, ಒಂದಕ್ಕೊಂದು ಅಂಟಿದಂತಿರುವ ಎರಡೆರಡು ಕಪ್ಪು ಚುಕ್ಕೆಗಳು, ಒಂದನ್ನು ಒತ್ತಿದರೆ ಒಂದಿಂಚು ಆಚೆಯ ಇನ್ನೊಂದು ರಂಧ್ರದಲ್ಲಿ ಜಿನುಗುವ ಕೀವು.

"ವಿಜೇತಾ, ಇದು ಎಷ್ಟನೇ ಸಲ?"

"ಇದೊಂದೇ, ಅಕ್ಕ."

"ನಂಗೆ ಸುಳ್ಳು ಹೇಳ್ಬೇಡಮ್ಮ. ಚರ್ಮ ಹೇಳ್ತಾ ಇದೆ." ಆಮೇಲೆ ಅವರು ಸ್ಟೂಲ್ ಎಳೆದುಕೊಂಡು ಕೂತರು. "ನೋಡು, ಸಂಘದಲ್ಲಿ ನಾನು ಹೋಳಿಗೆ ಬಡ್ಸೋ ಸುಜಾತಾ. ಇಲ್ಲಿ ನರ್ಸ್. ಈ ರೂಮಿನ ಮಾತು ಆ ಬಾಗ್ಲು ದಾಟಲ್ಲ. ನನ್ನ ಗಂಡನಿಗೂ ಹೇಳೋ ಹಾಗಿಲ್ಲ, ಹೇಳಲ್ಲ."

ವಿಜೇತಾ ಗೋಡೆಯ ಕಡೆ ಮುಖ ಮಾಡಿ, "ಹದಿನಾರು ವರ್ಷ ಆಯ್ತು" ಎಂದಳು. "ಕೆಳಗೂ ಉಂಟು."

ಡಾಕ್ಟರು ವಯಸ್ಸಾದ ಹೆಂಗಸು. ಚಾಕು ಎತ್ತಿಕೊಳ್ಳುವ ಮೊದಲು ಕೇಳಿದರು: ಆರು ತಿಂಗಳಲ್ಲಿ ಎಷ್ಟು ಸಲ? ಬೇರೆಲ್ಲಿ? ಮುಟ್ಟಿನ ಮುಂಚೆ ಹೆಚ್ಚಾಗುತ್ತದೆಯೇ? ಮನೆಯಲ್ಲಿ ಬೇರೆ ಯಾರಿಗಾದರೂ? ಕೊನೆಯ ಪ್ರಶ್ನೆಗೆ ವಿಜೇತಾಳಿಗೆ ಅಪ್ಪನ ತಂಗಿ ಜಯಲಕ್ಷ್ಮಿ ಅತ್ತೆ ನೆನಪಾದರು. ಸೆಕೆಗಾಲದಲ್ಲೂ ಉದ್ದ ತೋಳಿನ ರವಿಕೆ, ಸದಾ ಮಡಿಸಿದ ಬಲಗೈ. ಮದುವೆಯಾಗದೆ ಉಳಿದು, ಯಾರ ಮಗುವನ್ನೂ ಎತ್ತಿಕೊಳ್ಳದೆ ಹೋದ ಅತ್ತೆಯನ್ನು ಮನೆಯವರು ಬಿಗುಮಾನದವಳು ಎನ್ನುತ್ತಿದ್ದರು.

ಡಾಕ್ಟರು ಒಂದು ಹಾಳೆಯ ಮೇಲೆ ಹೆಸರು ಬರೆದುಕೊಟ್ಟರು: ಹೈಡ್ರಾಡಿನೈಟಿಸ್. "ಇದು ಬರೀ ಕುರುವಲ್ಲ. ಚರ್ಮದ ತಜ್ಞರು ನೋಡಬೇಕು" ಎಂದರು. ಆ ದಿನದ ನೋವಿಗೆ ಕೀವು ತೆಗೆದರು. ಕೊಯ್ದರೆ ಇವತ್ತಿಗೆ ಹಗುರವಾಗುತ್ತದೆಯೇ ಹೊರತು ಕಾಯಿಲೆ ಹೋಗುವುದಿಲ್ಲ ಎಂದೂ ಹೇಳಿದರು. ತಜ್ಞರ ಸರದಿ ಬರುವವರೆಗೆ ತಿಂಗಳುಗಟ್ಟಲೆ ತೆಗೆದುಕೊಳ್ಳುವ ಮಾತ್ರೆ ಬರೆದರು.

ಸರದಿ ಬಂದದ್ದು ಆಗಸ್ಟ್‌ನಲ್ಲಿ. ತಜ್ಞರು ಚಿತ್ರ ಬರೆದು ತೋರಿಸಿದರು. ಕೂದಲ ಬುಡದ ಚೀಲ ಕಟ್ಟಿಕೊಂಡು ಉಬ್ಬಿ ಚರ್ಮದೊಳಗೇ ಒಡೆಯುತ್ತದೆ. ಮೈ ಅದರ ಮೇಲೆ ಮುಗಿಬಿದ್ದು ಬಾವು ಎಬ್ಬಿಸುತ್ತದೆ. ಮತ್ತೆ ಮತ್ತೆ ಹೀಗಾದಾಗ ಒಳಗೊಳಗೇ ಸುರಂಗಗಳಾಗುತ್ತವೆ.

"ನಾನು ಸರಿಯಾಗಿ ತೊಳೆಯದ್ದರಿಂದಲೇ?" ಎಂದು ಕೇಳಿದಳು.

"ಅಲ್ಲವೇ ಅಲ್ಲ. ಕೊಳೆಯಿಂದ ಬರುವುದಲ್ಲ, ಯಾರಿಗೂ ಅಂಟುವುದೂ ಇಲ್ಲ. ಉಜ್ಜುವುದನ್ನು ಮಾತ್ರ ಬಿಡಿ."

ಯಾರಿಗೂ ಅಂಟುವುದಿಲ್ಲ. ರೈಲಿನಲ್ಲಿ ಬರುವಾಗ ಆ ಮಾತನ್ನು ಊರಿನ ತುಳುವಿನಲ್ಲಿ ತನಗೆ ತಾನೇ ಹೇಳಿಕೊಂಡಳು. ಒಟ್ಟಿಗಿದ್ದಷ್ಟು ವರ್ಷವೂ ರೋಶನ್‌ನ ಟವೆಲನ್ನು ಬೇರೆಯೇ ಒಗೆಯುತ್ತಿದ್ದವಳು ಅವಳು.

ಎರಡು ಬಗೆಯ ಮಾತ್ರೆ ಒಟ್ಟಿಗೆ, ಹತ್ತು ವಾರ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದಾಗ ಹೆದರಿದಳು. ಅದು ಮಾತ್ರೆಯದೇ ಬಣ್ಣ ಎಂದು ಸುಜಾತಾ ನಕ್ಕರು. ಬಲಗಡೆ ಶಾಂತವಾಯಿತು, ತೊಡೆಸಂದಿನಲ್ಲಿ ಗಂಟುಗಳು ಕಡಿಮೆಯಾದವು. ಎಡ ಕಂಕುಳ ಸುರಂಗ ಮಾತ್ರ ಜಗ್ಗಲಿಲ್ಲ. ಅದರ ಮೇಲ್ಚಾವಣಿಯಂಥ ಚರ್ಮವನ್ನು ಕತ್ತರಿಸಿ ತೆಗೆದು, ಹೊಲಿಗೆ ಹಾಕದೆ ತೆರೆದಿಟ್ಟು, ತಳದಿಂದಲೇ ಮಾಯಲು ಬಿಡಬೇಕು ಎಂದರು ತಜ್ಞರು. ಮರುವರ್ಷದ ಫೆಬ್ರವರಿಗೆ ದಿನ ಗೊತ್ತಾಯಿತು. ಆಸ್ಪತ್ರೆಯ ಫಾರ್ಮ್‌ನಲ್ಲಿ ಒಂದು ಸಾಲಿತ್ತು: ನಿಮ್ಮನ್ನು ಮನೆಗೆ ಕರೆದೊಯ್ಯುವವರು ಯಾರು?

ಸುಜಾತಾ ಅವರ ಹೆಸರು ಬರೆಯಬಹುದಿತ್ತು. ಪೆನ್ನು ಕೆಳಗಿಟ್ಟಳು. ಆಮೇಲೆ ಭಾನುವಾರಕ್ಕೂ ಕಾಯದೆ ಫೋನ್ ಮಾಡಿದಳು.

"ಎಂತ ಆಯ್ತು?" ರೋಶನ್‌ನ ದನಿಯಲ್ಲಿ ಗಾಬರಿ. ಅವನ ಹಿಂದೆ ಸೈಟಿನಲ್ಲಿ ಗರಗಸದ ಸದ್ದು.

"ನಂಗೆ ಒಂದು ಸಣ್ಣ ಆಪರೇಷನ್ ಉಂಟು."

"ಕ್ಯಾನ್ಸರಾ?"

"ಅಲ್ಲ, ಅಲ್ಲ." ಅವಳು ಹೇಳತೊಡಗಿದಳು. ಕಂಕುಳು, ತೊಡೆಸಂದು, ಹತ್ತಿ, ವಾಸನೆ, ದೀಪ ಆರಿಸಿದ್ದು, ದಣಿವೆಂದದ್ದು. ಗರಗಸದ ಸದ್ದು ದೂರವಾಯಿತು. ಅವನು ಫೋನ್ ಹಿಡಿದುಕೊಂಡೇ ಆಚೆ ನಡೆದಿದ್ದ.

"ನಾನು ಎಂತ ತಿಳ್ಕೊಂಡಿದ್ದೆ ಗೊತ್ತುಂಟಾ ನಿಂಗೆ?" ಎಂದ ಕೊನೆಗೆ. "ನಿಂಗೆ ನಾನು ಬೇಡ ಅಂತ."

ಅವಳು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.

"ನಿಂಗೆ ಬೇಡವಾದ ಮನುಷ್ಯ ಕಣ್ಣೆದುರು ಇರಬಾರದು ಅಂತ ಇಲ್ಲಿಗೆ ಬಂದದ್ದು ಮಾರಾಯ್ತಿ. ಕಂಪನಿ ಕೇಳಿತ್ತು, ಹೌದು. ಇಲ್ಲ ಅನ್ಲಿಕ್ಕೆ ಆಗ್ತಿತ್ತು."

ಆಪರೇಷನ್‌ಗೆ ಎರಡು ದಿನ ಮುಂಚೆ ನಸುಕಿಗೇ ಹೊರಟು, ಒಂಬತ್ತು ಗಂಟೆ ಕಾರು ಓಡಿಸಿ ಬಂದ. ಕೂದಲು ನರೆತಿತ್ತು. ಬಾಗಿಲಲ್ಲಿ ಇಬ್ಬರೂ, ಹೊಸದಾಗಿ ಪರಿಚಯವಾದವರಂತೆ ಕೈ ಎಲ್ಲಿಡುವುದೆಂದು ತಿಳಿಯದೆ ನಿಂತರು.

ಗಾಯಕ್ಕೆ ದಿನಾ ಪಟ್ಟಿ ಬದಲಿಸಬೇಕಿತ್ತು. ಮೊದಲ ದಿನ ಸುಜಾತಾ ಕ್ಲಿನಿಕ್‌ನಲ್ಲಿ ಅವನಿಗೆ ತೋರಿಸಿಕೊಟ್ಟರು. "ನೋಡಿ, ಕೈ ತೊಳ್ಕೊಂಡು, ಉಪ್ಪುನೀರಲ್ಲಿ ಹೀಗೆ ನೆನ್ಸಿ, ಎಳೀಬೇಡಿ. ಅದಾಗೇ ಬಿಡುತ್ತೆ." ಅಂಗೈಯ ಅರ್ಧದಷ್ಟು ಅಗಲದ ಕೆಂಪು ಹಸಿಮಾಂಸ. ವಿಜೇತಾ ಅವನ ಮುಖವನ್ನೇ ನೋಡುತ್ತಿದ್ದಳು, ಅಸಹ್ಯದ ಒಂದು ಗೆರೆಗಾಗಿ. ಅವನು ಸಿಮೆಂಟು ಹದ ನೋಡುವವನ ಗಂಭೀರತೆಯಲ್ಲಿ ಬಗ್ಗಿ ನೋಡಿ, "ಅಂಚು ಒಳ್ಳೆ ನೇರ ಉಂಟು" ಎಂದ. ಅವಳಿಗೆ ನಗು ಬಂತು, ನಕ್ಕರೆ ನೋವಾಯಿತು, ನೋವಿಗೆ ಅಳು ಬಂತು. ಯಾವುದು ಯಾವುದಕ್ಕೆಂದು ಅವನು ಕೇಳಲಿಲ್ಲ.

ಮೂರು ವಾರ ರಜೆ ಹಾಕಿದ್ದ. ದಿನಾ ಬೆಳಿಗ್ಗೆ ಅಡುಗೆಮನೆಯ ಕಿಟಕಿಯ ಬೆಳಕಿಗೆ ಅವಳನ್ನು ಕೂರಿಸಿ, ಅವಳ ಕೈಯನ್ನು ತನ್ನ ಹೆಗಲ ಮೇಲೆ ಇರಿಸಿಕೊಂಡು ಪಟ್ಟಿ ಬದಲಿಸುತ್ತಿದ್ದ. ಇಷ್ಟು ವರ್ಷಗಳಲ್ಲಿ ಆ ಜಾಗಕ್ಕೆ ಹಗಲ ಬೆಳಕು ಬಿದ್ದದ್ದು ಅಪರೂಪ. ಗಾಯ ಮಾಯಲು ಆರು ವಾರ ಬೇಕಾಯಿತು. ಉಳಿದ ಮೂರು ವಾರ ಸುಜಾತಾ ಮಾಡಿದರು. ಅವನು ಹಿಂತಿರುಗಿದ ಮೇಲೆ ಆ ಕಿಟಕಿಯ ಬಳಿ ಕುರ್ಚಿ ಹಾಗೇ ಇತ್ತು. ಮೊದಲು ಅವಳು ಅವನಿಗಾಗಿ ಕಾತರಿಸಿದ್ದು ನೆನಪಿನಿಂದ. ಈಗ ಅವನ ಹೆಗಲ ಬಿಸಿ ಕೈಗೆ ಗೊತ್ತಿತ್ತು, ಹಾಗಾಗಿ ಅವನಿಲ್ಲದಿರುವುದು ಇನ್ನೂ ಕಷ್ಟವಾಯಿತು.

ಅದೇ ವರ್ಷದ ಅಕ್ಟೋಬರಿನಲ್ಲಿ ವಿಜೇತಾ ಕೆಲಸ ಬಿಟ್ಟು ಕೆಲ್ಲಿವಿಲ್‌ಗೆ ಹೋದಳು. ಅಲ್ಲಿಯ ಹೊಸ ಡಾಕ್ಟರಿಗೆ ಎಲ್ಲ ಕಾಗದಗಳನ್ನೂ ಕೊಟ್ಟಳು. ಕ್ಲಿನಿಕ್ ಬದಲಿಸುತ್ತ ಅಲೆಯುವುದು ನಿಂತಿತು. ಕಾಯಿಲೆ ಹೋಗಲಿಲ್ಲ, ಹೋಗುತ್ತದೆಂದು ಯಾರೂ ಹೇಳಿರಲೂ ಇಲ್ಲ. ಎಡ ಕಂಕುಳು ಸುಮ್ಮನಾಗಿದೆ. ತೊಡೆಸಂದಿನಲ್ಲಿ ವರ್ಷಕ್ಕೆ ಎರಡು ಮೂರು ಸಲ ಏಳುತ್ತದೆ. ಏಳುವ ಮುಂಚೆ ಅಲ್ಲಿ ಉರಿ, ನವೆ. ಆಗಲೇ ಡಾಕ್ಟರ ಬಳಿ ಹೋದರೆ ಗಂಟಿಗೆ ಒಂದು ಸೂಜಿ ಕೊಡುತ್ತಾರೆ, ಕೆಲವು ಸಲ ಅಷ್ಟಕ್ಕೇ ಇಳಿಯುತ್ತದೆ.

ಒಮ್ಮೆ ಊರಿಗೆ ಫೋನ್ ಮಾಡಿ ಜಯಲಕ್ಷ್ಮಿ ಅತ್ತೆಯ ವಿಷಯ ಕೇಳಿದಳು. "ಅವಳಿಗೆ ಎಂತದ್ದೂ ಇರಲಿಲ್ಲ, ಬರೀ ಉಷ್ಣ" ಎಂದರು ಅಮ್ಮ. ಅತ್ತೆ ತೀರಿಹೋಗಿ ಏಳು ವರ್ಷವಾಗಿತ್ತು. ಆ ಕಾಗದದ ಮೇಲಿನ ಹೆಸರನ್ನು ಅವರಿಗೊಮ್ಮೆ ಓದಿ ಹೇಳಬೇಕಿತ್ತು, ನಿಮ್ಮ ತಪ್ಪಲ್ಲ ಎನ್ನಬೇಕಿತ್ತು ಎಂಬ ಆಸೆ ಅವಳಲ್ಲಿ ಹಾಗೇ ಉಳಿದಿದೆ.

ದೂರವಿದ್ದು ಕಳೆದುಹೋದ ಆ ವರ್ಷಗಳ ಬಗ್ಗೆ ಗಂಡ ಹೆಂಡತಿ ಮಾತಾಡುವುದಿಲ್ಲ. ಶನಿವಾರಗಳಂದು ರೋಶನ್ ತಿಂಡಿಗೆ ದೋಸೆ ಹುಯ್ಯುತ್ತಾನೆ. ಅಂಥ ಒಂದು ಬೆಳಿಗ್ಗೆ ಅವಳು ತಟ್ಟೆ ಹಿಡಿದುಕೊಂಡು ನಿಂತೇ ಇದ್ದಳು.

"ಕೂತ್ಕೋ" ಎಂದ ಅವನು.

"ಆಗುದಿಲ್ಲ. ಒಂದು ಬಂದಿದೆ."

"ಯಾವ ಕಡೆ?"

"ಬಲಕ್ಕೆ."

ಅವನು ಒಲೆ ಆರಿಸಿ, ತನ್ನ ತಟ್ಟೆಯನ್ನೂ ಎತ್ತಿಕೊಂಡು ಅವಳ ಪಕ್ಕ ಬಂದು ನಿಂತ. ಇಬ್ಬರೂ ನಿಂತುಕೊಂಡೇ ತಿಂದರು.